‘ನಿಮ್ಮ ತಂಗಿ ಬಂದರೆ ನಮಗೂ ಬೆಣ್ಣೆ ದೋಸೆ’: ಚುಚ್ಚುಮಾತಿನೊಳಗೆ ಅಡಗಿದ ಬೇಡಿಕೆಯನ್ನು ಓದುವ ಬಗೆ

ದಾವಣಗೆರೆಯ ನಿಟ್ಟುವಳ್ಳಿಯ ಒಂದು ಮನೆ. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಹರಿಹರದಿಂದ ಗಂಡನ ತಂಗಿ ಮಕ್ಕಳೊಂದಿಗೆ ಬಂದಿದ್ದಾಳೆ. ಗಂಡ ಬೇಗನೆ ಎದ್ದು ಪೇಟೆಗೆ ಹೋಗಿ ಎಲ್ಲರಿಗೂ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದಿದ್ದಾನೆ. ಹೆಂಡತಿ ಅಡುಗೆಮನೆಯಲ್ಲಿ ಪೊಟ್ಟಣ ಬಿಚ್ಚಿ ದೋಸೆ, ಪಲ್ಯ, ಚಟ್ನಿಗಳನ್ನು ತಟ್ಟೆಗಳಿಗೆ ಹಾಕುತ್ತ ನಗುಮುಖದಲ್ಲೇ ಹೇಳುತ್ತಾಳೆ: ‘ಪರವಾಗಿಲ್ಲ, ನಿಮ್ಮ ತಂಗಿ ಬಂದರೆ ನಮಗೂ ಬೆಣ್ಣೆ ದೋಸೆ ಸಿಗುತ್ತದೆ.’ ನಾದಿನಿ ನಗುತ್ತಾಳೆ. ಅತ್ತೆ ಕೇಳಿಸಿದರೂ ಕೇಳಿಸದವರಂತೆ ಕುಳಿತಿರುತ್ತಾರೆ. ಗಂಡನಿಗೆ ಮಾತ್ರ ಎಲ್ಲೋ ಚುರುಕ್ಕೆನ್ನುತ್ತದೆ, ಯಾಕೆಂದು ತಿಳಿಯುವುದಿಲ್ಲ.

ಈ ಮನೆ ಯಾವುದೋ ಒಂದೇ ಮನೆಯಲ್ಲ. ಗುರುತು ಸಿಗಬಾರದೆಂದು ಬೇರೆ ಬೇರೆ ಮನೆಗಳ ಸಂಗತಿಗಳನ್ನು ಸೇರಿಸಿ ಒಂದು ಮಾಡಿಕೊಂಡಿದ್ದೇನೆ. ಆದರೆ ಇಂಥ ಮಾತು ಮತ್ತು ಅದರ ನಂತರ ನಡೆಯುವುದು ನಮ್ಮ ಕಡೆಯ ಮನೆಗಳಲ್ಲಿ ಎಷ್ಟು ಸಾಮಾನ್ಯ ಎಂದರೆ, ಇದೊಂದನ್ನು ಸರಿಯಾಗಿ ಬಿಡಿಸಿ ನೋಡಿದರೆ ಉಳಿದವನ್ನು ಬಿಡಿಸುವ ದಾರಿಯೂ ತಿಳಿಯುತ್ತದೆ.

ಗಂಡ ಮಾಡಿದ್ದು ಇದು. ಹೆಂಡತಿಗೆ ಬೆಣ್ಣೆ ದೋಸೆ ತಿನ್ನಬೇಕೆಂಬ ಆಸೆ ಇದ್ದಿರಬೇಕು, ತಾನು ಗಮನಿಸಲಿಲ್ಲ ಎಂದುಕೊಂಡು ಬುಧವಾರ ಸಂಜೆ ಎ.ಪಿ.ಎಂ.ಸಿ. ಪ್ರಾಂಗಣದ ಅಂಗಡಿಯಿಂದ ಮನೆಗೆ ಬರುವಾಗ ನಾಲ್ಕು ದೋಸೆ ಕಟ್ಟಿಸಿಕೊಂಡು ಬಂದ. ಅವಳು ಪೊಟ್ಟಣವನ್ನು ಮೇಜಿನ ಮೇಲಿಟ್ಟು, ‘ಇವತ್ತು ಯಾರು ಬರುತ್ತಾರೆ?’ ಎಂದಳು. ಅವನಿಗೆ ರೇಗಿತು. ಅಷ್ಟು ದೂರ ಹೋಗಿ, ಸರದಿಯಲ್ಲಿ ನಿಂತು ತಂದದ್ದಕ್ಕೆ ಸಿಕ್ಕ ಬೆಲೆ ಇದೇ ಎಂದುಕೊಂಡ. ಹಾಗಾದರೆ ಸಮಸ್ಯೆ ದೋಸೆಯಲ್ಲ, ತಂಗಿ ಎಂದು ತೀರ್ಮಾನಿಸಿದ. ‘ನನ್ನ ತಂಗಿ ಬಂದರೆ ನಿನಗೇನು ಹೊಟ್ಟೆಯುರಿ?’ ಎಂದ. ಅಲ್ಲಿಂದ ಮುಂದೆ ಎರಡು ದಿನ ಇಬ್ಬರ ನಡುವೆ ಮಾತು ಇರಲಿಲ್ಲ.

ಅವನು ಎರಡು ಸಲ ಊಹಿಸಿದ, ಎರಡೂ ತಪ್ಪಾದವು. ಮೊದಲ ಊಹೆಯಲ್ಲಿ ಮಾತಿನಲ್ಲಿದ್ದ ವಸ್ತುವನ್ನು ಹಿಡಿದುಕೊಂಡ, ಎರಡನೆಯದರಲ್ಲಿ ಮಾತಿನಲ್ಲಿದ್ದ ವ್ಯಕ್ತಿಯನ್ನು. ಚುಚ್ಚುಮಾತಿನಲ್ಲಿ ಕಣ್ಣಿಗೆ ಹೊಡೆದು ಕಾಣುವುದು ಇವೆರಡೇ, ಆದ್ದರಿಂದ ಹೆಚ್ಚಿನವರು ಇಲ್ಲಿಯೇ ಎಡವುತ್ತಾರೆ. ನಿಜವಾದ ಬೇಡಿಕೆ ಸಾಮಾನ್ಯವಾಗಿ ಇವೆರಡರಲ್ಲೂ ಇರುವುದಿಲ್ಲ. ಅದು ವಾಕ್ಯದ ಕಟ್ಟಿನಲ್ಲಿ, ಹೇಳಿದ ಹೊತ್ತಿನಲ್ಲಿ, ಸುತ್ತ ಇದ್ದ ಜನರಲ್ಲಿ ಹಂಚಿಹೋಗಿರುತ್ತದೆ.

ಇದನ್ನು ನಮ್ಮ ಹಳೆಯ ಕಾವ್ಯಮೀಮಾಂಸಕರು ಬಹಳ ನಿಖರವಾಗಿ ಬಲ್ಲವರಾಗಿದ್ದರು. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ, ಮಾತಿನ ನೇರ ಅರ್ಥದಾಚೆಗೆ ಇನ್ನೊಂದು ಅರ್ಥ ಹೊಳೆಯಬೇಕಾದರೆ ಏನೇನು ನೆರವಾಗುತ್ತವೆ ಎಂದು ಪಟ್ಟಿ ಮಾಡುತ್ತಾನೆ. ಹೇಳುವವರು ಯಾರು, ಕೇಳುವವರು ಯಾರು, ದನಿಯ ಏರಿಳಿತ ಎಂಥದು, ವಾಕ್ಯ ಹೇಗಿದೆ, ಹೇಳಿದ ವಿಷಯ ಏನು, ಸಂದರ್ಭ ಏನು, ಎಲ್ಲಿ, ಯಾವಾಗ. ಇವುಗಳ ನಡುವೆ ಅವನು ಇನ್ನೂ ಒಂದನ್ನು ಸೇರಿಸುತ್ತಾನೆ: ಅನ್ಯಸನ್ನಿಧಿ. ಎಂದರೆ, ಆಡುವವರು ಮತ್ತು ಕೇಳುವವರ ಹೊರತಾಗಿ ಮೂರನೆಯವರೊಬ್ಬರು ಅಲ್ಲಿ ಇರುವುದು. ಅದಕ್ಕೆ ಅವನು ಕೊಡುವ ಉದಾಹರಣೆ ಒಂದು ಪ್ರಾಕೃತ ಪದ್ಯ. ಒಬ್ಬ ಸೊಸೆ ಹೇಳಿಕೊಳ್ಳುತ್ತಾಳೆ: ಕನಿಕರವಿಲ್ಲದ ಅತ್ತೆ ಮನೆಯ ಕೆಲಸವನ್ನೆಲ್ಲ ನನ್ನ ಮೇಲೆ ಹೇರುತ್ತಾಳೆ, ಬಿಡುವು ಸಿಕ್ಕರೆ ಸಂಜೆ ಒಂದು ಕ್ಷಣ, ಅದೂ ಸಿಕ್ಕರೆ ಸಿಕ್ಕೀತು. ಮೇಲುನೋಟಕ್ಕೆ ಇದು ಅತ್ತೆಯ ಮೇಲಿನ ದೂರು. ಆದರೆ ಪಕ್ಕದಲ್ಲೇ ನಿಂತಿರುವ ಪ್ರಿಯಕರನಿಗೆ ಅದರಲ್ಲಿ ಸಿಗುವ ಸುದ್ದಿ ಬೇರೆ: ಸಂಜೆ ಭೇಟಿಯಾಗೋಣ.

ಮಾತಿನ ಗುರಿ ಯಾರೆಂದು ತಿಳಿಯಲು ಅದು ಯಾರಿಗೆ ಹೇಳಿದ್ದು ಎಂಬುದಕ್ಕಿಂತ ಯಾರ ಕಿವಿಗೆ ಬೀಳುವಂತೆ ಹೇಳಿದ್ದು ಎಂಬುದನ್ನು ಕೇಳಿಕೊಳ್ಳಬೇಕು. ಕೂಡು ಕುಟುಂಬದಲ್ಲಿ ಇದರಷ್ಟು ಉಪಯೋಗಕ್ಕೆ ಬರುವ ಪ್ರಶ್ನೆ ಬೇರೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಭಾಷೆಯ ತತ್ತ್ವಶಾಸ್ತ್ರದಲ್ಲಿ ಪಾಲ್ ಗ್ರೈಸ್ ಇದೇ ವಿಷಯಕ್ಕೆ ಬೇರೆ ಕಡೆಯಿಂದ ಬಂದ. 1967ರಲ್ಲಿ ಹಾರ್ವರ್ಡ್‌ನಲ್ಲಿ ಅವನು ನೀಡಿದ ಉಪನ್ಯಾಸಗಳ ತಿರುಳು ಸರಳವಾಗಿದೆ. ಎದುರಿಗಿರುವವರು ನಿಜವನ್ನು, ಬೇಕಾದಷ್ಟನ್ನು, ಸಂದರ್ಭಕ್ಕೆ ತಕ್ಕದ್ದನ್ನು, ಸ್ಪಷ್ಟವಾಗಿ ಹೇಳುತ್ತಾರೆ ಎಂದು ನಂಬಿಕೊಂಡೇ ನಾವು ಮಾತನಾಡುತ್ತೇವೆ. ಯಾರಾದರೂ ಕಣ್ಣಿಗೆ ಕಾಣುವಂತೆ ಈ ಕಟ್ಟುಪಾಡನ್ನು ಮುರಿದರೆ, ಇವರು ಬೇರೇನೋ ಹೇಳುತ್ತಿದ್ದಾರೆ ಎಂದು ಮನಸ್ಸು ಹುಡುಕಲು ಹೊರಡುತ್ತದೆ. ದೋಸೆಯ ಮಾತಿನಲ್ಲಿ ಮುರಿದದ್ದು ಏನು? ದೋಸೆ ತಂದದ್ದಕ್ಕೆ ಸಂತೋಷಪಡಬೇಕಾದ ಜಾಗದಲ್ಲಿ ಒಂದು ಷರತ್ತು ಬಂದು ಕುಳಿತಿದೆ. ‘ಬೆಣ್ಣೆ ದೋಸೆ ಚೆನ್ನಾಗಿದೆ’ ಎಂದಿದ್ದರೆ ಸಾಕಿತ್ತು. ‘ನಿಮ್ಮ ತಂಗಿ ಬಂದರೆ’ ಎಂಬುದು ಅಲ್ಲಿ ಬೇಕಿರಲಿಲ್ಲ. ಬೇಕಿಲ್ಲದೆ ಬಂದ ತುಂಡಿನಲ್ಲಿಯೇ ವಿಷಯ ಇರುತ್ತದೆ.

ಈಗ ಆ ಭಾನುವಾರವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಹೆಂಡತಿ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ವಾರದಲ್ಲಿ ಅವಳಿಗೆ ಪೂರ್ತಿ ರಜೆ ಇರುವುದು ಭಾನುವಾರ ಮಾತ್ರ. ನಾದಿನಿ ಬಂದ ದಿನ ಬೆಳಿಗ್ಗೆ ದೋಸೆ ಹೊರಗಿನಿಂದ ಬಂದರೂ ಮಧ್ಯಾಹ್ನದ ರೊಟ್ಟಿ, ಪಲ್ಯ, ಅನ್ನ, ಸಾರು, ಸಿಹಿ ಎಲ್ಲವೂ ಅವಳ ಕೈಯಿಂದಲೇ ಆಗಬೇಕು. ಸಂಜೆ ಅವರನ್ನು ಕಳುಹಿಸುವ ಹೊತ್ತಿಗೆ ಸೋಮವಾರದ ಪಾಠದ ಸಿದ್ಧತೆಗೆ ಕುಳಿತುಕೊಳ್ಳುವ ಸಮಯ. ಅವಳ ತವರು ಚಿತ್ರದುರ್ಗ. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್, ಹೆದ್ದಾರಿಯಲ್ಲಿ ನೇರ ದಾರಿ, ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು.

ಕಾರ್ತಿಕ ಮಾಸದಲ್ಲಿ ಒಂದು ರಾತ್ರಿ ಅವಳು ಕೇಳಿದ್ದಳು: ‘ಅಪ್ಪಾಜಿಗೆ ಮೊಣಕಾಲು ನೋವು ಹೆಚ್ಚಾಗಿದೆಯಂತೆ. ಈ ಭಾನುವಾರ ದುರ್ಗಕ್ಕೆ ಹೋಗಿ ಬರೋಣವೇನ್ರೀ?’ ಅವನು, ‘ನೋಡೋಣ’ ಎಂದಿದ್ದ. ಮೆಕ್ಕೆಜೋಳದ ಆವಕ ಜೋರಾಗಿದ್ದ ದಿನಗಳು. ಅಂಗಡಿಯ ಲೆಕ್ಕ ಮುಗಿದಿರಲಿಲ್ಲ. ಅವನ ಮನಸ್ಸಿನಲ್ಲಿ ಅದು ಮುಂದೂಡಿದ ಮಾತು. ಅವಳ ಮನಸ್ಸಿನಲ್ಲಿ ಅದು ಆಗದು ಎಂಬ ಉತ್ತರ. ಹತ್ತು ದಿನ ಬಿಟ್ಟು ಅವಳು ಇನ್ನೊಂದು ರೀತಿಯಲ್ಲಿ ಹೇಳಿದಳು: ‘ಪಕ್ಕದ ಮನೆಯವರು ದುರ್ಗಕ್ಕೆ ಹೋಗಿ ಬಂದರಂತೆ, ಕೋಟೆ ನೋಡಿಕೊಂಡು.’ ಅವನು, ‘ಹೌದಾ?’ ಎಂದು ಮೊಬೈಲ್ ನೋಡುತ್ತ ಕುಳಿತ. ಮೂರನೆಯ ಸಲ ಅವಳು ಹೇಳಿದ್ದೇ ದೋಸೆಯ ಮಾತು.

ಎಲ್ಲಕ್ಕಿಂತ ಮುಖ್ಯವಾದದ್ದು ಈ ಕ್ರಮ. ಚುಚ್ಚುಮಾತು ಒಂದು ಬೇಡಿಕೆಯ ಮೊದಲ ರೂಪವಾಗಿರುವುದು ಅಪರೂಪ. ಮೊದಲು ನೇರವಾದ ಪ್ರಶ್ನೆಯೊಂದು ಬಂದಿರುತ್ತದೆ, ಅದಕ್ಕೆ ಸರಿಯಾದ ಉತ್ತರ ಸಿಕ್ಕಿರುವುದಿಲ್ಲ. ಆಮೇಲೆ ಒಂದು ಸೂಚನೆ ಬರುತ್ತದೆ, ಅದು ಗಮನಕ್ಕೆ ಬರುವುದಿಲ್ಲ. ಮೂರನೆಯ ಸಲ ಅದೇ ಬೇಡಿಕೆ ಮೊನಚಾಗಿ ಬರುತ್ತದೆ, ಆಗ ಮಾತ್ರ ಎದುರಿನವರಿಗೆ ಕೇಳಿಸುತ್ತದೆ. ಆದ್ದರಿಂದ ಇಂಥ ಮಾತು ಕಿವಿಗೆ ಬಿದ್ದಾಗ ‘ಇದರ ಅರ್ಥವೇನು?’ ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ ‘ಕಳೆದ ಒಂದೆರಡು ತಿಂಗಳಲ್ಲಿ ನನ್ನನ್ನು ಏನು ಕೇಳಿದ್ದರು, ನಾನು ಯಾವುದಕ್ಕೆ ಅರೆಬರೆ ಉತ್ತರ ಕೊಟ್ಟೆ?’ ಎಂದು ಹಿಂದಕ್ಕೆ ಹೋಗಿ ಹುಡುಕುವುದು ಬಹಳ ಹೆಚ್ಚು ಫಲ ಕೊಡುತ್ತದೆ. ಅರ್ಥ ಹೆಚ್ಚಾಗಿ ಇಂದಿನ ವಾಕ್ಯದಲ್ಲಿಲ್ಲ, ಅಂದಿನ ಪ್ರಶ್ನೆಯಲ್ಲಿದೆ.

ಹಾಗೆ ಹುಡುಕಿದರೆ ದೋಸೆಯ ವಾಕ್ಯ ತೆರೆದುಕೊಳ್ಳುತ್ತದೆ. ‘ನಿಮ್ಮ ತಂಗಿ’ ಮತ್ತು ‘ನಮಗೂ’ ಎರಡನ್ನೂ ಎದುರುಬದುರು ಇಟ್ಟು ಅವಳು ಹೋಲಿಸುತ್ತಿದ್ದಾಳೆ. ನಿಮ್ಮ ಕಡೆಯವರಿಗಾಗಿ ನೀವು ಯಾರೂ ಹೇಳದೆಯೇ ಬೆಳಿಗ್ಗೆ ಎದ್ದು ಪೇಟೆಗೆ ಹೋಗುತ್ತೀರಿ, ನನ್ನ ಕಡೆಯವರಿಗಾಗಿ ನಾನು ಕೇಳಿದರೂ ‘ನೋಡೋಣ’ ಎನ್ನುತ್ತೀರಿ ಎಂಬುದು ಆ ಹೋಲಿಕೆ. ಅವಳಿಗೆ ನಾದಿನಿಯ ಮೇಲೆ ಸಿಟ್ಟಿಲ್ಲ. ನಾದಿನಿ ತಿಂಗಳಿಗೊಮ್ಮೆ ತವರಿಗೆ ಬರುತ್ತಾಳೆ, ಅವಳಿಗೆ ಇಲ್ಲಿ ಬೆಣ್ಣೆ ದೋಸೆ ಸಿಗುತ್ತದೆ. ತಾನು ತವರಿಗೆ ಹೋಗಬೇಕಾದರೆ ಏನೆಲ್ಲ ದಾಟಬೇಕು ಎಂಬುದು ಅವಳ ಕಣ್ಣೆದುರಿಗೆ ಬಂದಿತು, ಅಷ್ಟೇ.

ಆದರೆ ಎರಡನೆಯ ಸಲವೂ ನೇರವಾಗಿಯೇ ಕೇಳಬಹುದಿತ್ತಲ್ಲ? ಈ ಪ್ರಶ್ನೆಯನ್ನು ಗಂಡಂದಿರು ಬಹಳ ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆಯೇ. ಉತ್ತರದ ಒಂದು ಪಾಲು ಹೀಗಿದೆ: ಕೆಲವನ್ನು ಕೇಳಿ ಪಡೆದರೆ ಅವುಗಳ ಬೆಲೆಯೇ ಹೋಗುತ್ತದೆ. ಅವಳಿಗೆ ದುರ್ಗಕ್ಕೆ ಹೋಗುವ ಬಸ್ ಚೀಟಿಯಷ್ಟೇ ಬೇಕಿಲ್ಲ. ‘ಈ ಭಾನುವಾರ ಅಪ್ಪಾಜಿಯನ್ನು ನೋಡಿಕೊಂಡು ಬರೋಣ’ ಎಂದು ಅವನ ಬಾಯಿಂದ ಬರಬೇಕಿದೆ. ಹತ್ತು ಸಲ ಕೇಳಿ ಒಪ್ಪಿಸಿದರೆ ಪ್ರಯಾಣ ಸಿಗುತ್ತದೆ, ಅವನಾಗಿಯೇ ನೆನೆಸಿಕೊಂಡ ಎಂಬುದು ಸಿಗುವುದಿಲ್ಲ.

ಇನ್ನೊಂದು ಪಾಲು ಹೆಚ್ಚು ಗಟ್ಟಿಯಾದದ್ದು, ಮನೆಯ ವ್ಯವಸ್ಥೆಗೆ ಸೇರಿದ್ದು. ಭಾನುವಾರ ಸೊಸೆ ಮನೆಯಲ್ಲಿಲ್ಲ ಎಂದರೆ ಅತ್ತೆಗೆ ಯಾರೋ ಹೇಳಬೇಕು. ಅವಳೇ ಹೇಳಿದರೆ ‘ತವರಿನ ಹುಚ್ಚು’ ಎಂಬ ಮಾತು ಬರುತ್ತದೆ. ಗಂಡ ಹೇಳಿದರೆ ಅದು ಮಗನ ತೀರ್ಮಾನವಾಗುತ್ತದೆ, ಯಾರೂ ಎದುರಾಡುವುದಿಲ್ಲ. ನೇರವಾಗಿ ಕೇಳಿದರೆ ತನ್ನ ಮೇಲೆ ಬರುವ ಹೊರೆಯನ್ನು ತಪ್ಪಿಸಿಕೊಂಡೇ ಗಂಡನಿಗೆ ವಿಷಯ ಮುಟ್ಟಿಸಲು ಅವಳಿಗಿದ್ದ ದಾರಿ ಈ ಮಾತು. ಯಾರಾದರೂ ಹಿಡಿದು ಕೇಳಿದರೆ ‘ನಾನೇನು ಹೇಳಿದೆ? ದೋಸೆ ಸಿಕ್ಕಿತು ಎಂದೆ’ ಎಂದು ಹಿಂದೆ ಸರಿಯಬಹುದು. ಪೆನಿಲೋಪ್ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ಭಾಷಾಶಾಸ್ತ್ರಜ್ಞರು ಮಾತಿನ ಮರ್ಯಾದೆಯ ಕುರಿತು ಬರೆದಾಗ ಇದನ್ನೇ ಗುರುತಿಸಿದರು. ಅವರು ಆಧಾರವಾಗಿ ಇಟ್ಟುಕೊಂಡ ಮೂರು ಭಾಷೆಗಳಲ್ಲಿ ಒಂದು ನಮ್ಮ ನೆರೆಯ ತಮಿಳು. ಬೇಡಿಕೆಯಿಂದ ಯಾರದಾದರೂ ಮುಖ ಕೆಡುವ ಅಪಾಯ ಹೆಚ್ಚಿದಷ್ಟೂ, ಕೇಳುವವರ ಸ್ಥಾನ ಕೆಳಗಿದ್ದಷ್ಟೂ, ಜನ ಹೇಳಿಯೂ ಹೇಳದಂತಿರುವ ಮಾತಿಗೆ ಸರಿಯುತ್ತಾರೆ ಎಂಬುದು ಅವರ ವಾದ. ಮನೆಯಲ್ಲಿ ಯಾರು ಹೆಚ್ಚು ಸುತ್ತಿ ಬಳಸಿ ಮಾತನಾಡುತ್ತಾರೋ ಅವರಿಗೆ ನೇರವಾಗಿ ಮಾತನಾಡುವುದರಿಂದ ಆಗುವ ನಷ್ಟ ಹೆಚ್ಚು ಎಂದು ಅದನ್ನು ತಿರುಗಿಸಿಯೂ ಓದಬಹುದು. ನನಗೆ ಅದು ಸರಿಯೆನಿಸುತ್ತದೆ.

ಇಲ್ಲಿ ಅವಳ ಕಡೆಯ ತಪ್ಪು ಲೆಕ್ಕವನ್ನೂ ಹೇಳಬೇಕು. ತಾನು ಮೂರು ಸಲ ಸ್ಪಷ್ಟವಾಗಿಯೇ ಹೇಳಿದ್ದೇನೆ, ಅವನು ಬೇಕೆಂದೇ ಕೇಳಿಸಿಕೊಳ್ಳುತ್ತಿಲ್ಲ ಎಂದು ಅವಳು ನಂಬಿದ್ದಾಳೆ. ಹಾಗೆ ನಂಬುವುದು ಅವಳೊಬ್ಬಳ ದೋಷವಲ್ಲ. ಕೆನೆತ್ ಸವಿಟ್ಸ್ಕಿ, ಬೋಅಜ್ ಕೇಸರ್, ನಿಕೋಲಸ್ ಎಪ್ಲಿ ಮೊದಲಾದ ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಂಪತಿಗಳಿಗೆ ಎರಡರ್ಥ ಬರುವ ವಾಕ್ಯಗಳನ್ನು ಕೊಟ್ಟು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಯಾವ ಅರ್ಥದಲ್ಲಿ ಹಿಡಿಯುತ್ತಾರೆ ಎಂದು ನೋಡಿದರು. ಗಂಡ ಹೆಂಡತಿ ಪರಸ್ಪರರನ್ನು ಅರ್ಥಮಾಡಿಕೊಂಡದ್ದು ಗುರುತು ಪರಿಚಯ ಇಲ್ಲದವರಿಗಿಂತ ಹೆಚ್ಚೇನೂ ಇರಲಿಲ್ಲ. ಆದರೆ ತಾವು ಹೆಚ್ಚು ಚೆನ್ನಾಗಿ ಮುಟ್ಟಿಸಿದ್ದೇವೆ ಎಂಬ ಭರವಸೆ ಮಾತ್ರ ಅವರಲ್ಲಿ ಹೆಚ್ಚಿತ್ತು. ಹತ್ತಿರದವರು ಎಂಬ ಕಾರಣಕ್ಕೇ ನಾವು ಬಿಡಿಸಿ ಹೇಳುವುದನ್ನು ಬಿಡುತ್ತೇವೆ. ಪಕ್ಕದ ಮನೆಯವರು ದುರ್ಗಕ್ಕೆ ಹೋಗಿ ಬಂದರು ಎಂಬುದು ಹೇಳಿದವಳಿಗೆ ಬೇಡಿಕೆ, ಕೇಳಿದವನಿಗೆ ಪಕ್ಕದ ಮನೆಯ ಸುದ್ದಿ. ಅವನು ‘ಹೌದಾ?’ ಎಂದದ್ದರಲ್ಲಿ ಕೇಡು ಇರಲಿಲ್ಲ.

ಈಗ ಅವನು ಏನು ಮಾಡಬೇಕು? ಮೊದಲು ಮಾಡಬಾರದ್ದನ್ನು ಹೇಳುತ್ತೇನೆ. ‘ಏನಿದ್ದರೂ ಬಾಯಿಬಿಟ್ಟು ಹೇಳು’ ಎನ್ನಬಾರದು. ಈ ಮಾತಿಗೆ ಬರುವ ಉತ್ತರ ‘ಏನಿಲ್ಲ’ ಎಂಬುದೇ. ಯಾವ ಹೊರೆಯನ್ನು ಹೊರಲಾರದೆ ಅವಳು ಸುತ್ತಿ ಬಳಸಿ ಹೇಳಿದಳೋ ಅದೇ ಹೊರೆಯನ್ನು ಮತ್ತೆ ಅವಳ ತಲೆಯ ಮೇಲೆ ಇಟ್ಟಂತೆ ಅದು. ಹಾಗೆಯೇ ಆಡಿದ ಕ್ಷಣದಲ್ಲೇ, ಅಲ್ಲಿದ್ದವರ ಎದುರಿನಲ್ಲೇ ಅದನ್ನು ಹಿಡಿದು ಕೇಳಬಾರದು. ನಾದಿನಿ, ಅತ್ತೆ ಇಬ್ಬರ ಮುಂದೆ ಅವಳು ನಿಜವನ್ನು ಹೇಳುವುದು ಸಾಧ್ಯವೇ ಇಲ್ಲ. ಅಲ್ಲಿ ಸಿಗುವುದು ನಿರಾಕರಣೆ ಅಥವಾ ಇನ್ನೊಂದು ಚುಚ್ಚು.

ಜಾಗ ಬದಲಾಗಬೇಕು. ಸಂಜೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುವಾಗ ಆಗಬಹುದು, ಬೈಕಿನಲ್ಲಿ ತರಕಾರಿ ತರಲು ಹೋಗುವಾಗ ಆಗಬಹುದು. ಮುಖಕ್ಕೆ ಮುಖ ಕೊಟ್ಟು ಕೂರದೆ ಅಕ್ಕಪಕ್ಕದಲ್ಲಿ ಸಾಗುವಾಗ ಇಂಥ ಮಾತು ಸುಲಭವಾಗಿ ಹೊರಡುತ್ತದೆ. ಅಲ್ಲಿ ಅವನು ಕೇಳಬೇಕಾದದ್ದು ಅವಳ ಧಾಟಿಯ ಬಗ್ಗೆ ಅಲ್ಲ, ಹಿಂದಿನ ಘಟನೆಯ ಬಗ್ಗೆ. ‘ನೀನು ಯಾಕೆ ಹಾಗೆ ಚುಚ್ಚಿ ಮಾತನಾಡುತ್ತೀಯ?’ ಎಂದರೆ ವಿಚಾರಣೆ ಶುರುವಾಯಿತು. ಅದರ ಬದಲು ಅವನು ಹೀಗೆಂದ ಎಂದುಕೊಳ್ಳಿ: ‘ಕಾರ್ತಿಕದಲ್ಲಿ ದುರ್ಗಕ್ಕೆ ಹೋಗೋಣವೇ ಎಂದು ಕೇಳಿದ್ದೆಯಲ್ಲ. ನಾನು ನೋಡೋಣ ಎಂದೆ, ಆಮೇಲೆ ಆ ವಿಷಯವನ್ನೇ ಎತ್ತಲಿಲ್ಲ. ಅದು ನಿನಗೆ ಬೇಸರ ತಂದಿದೆ ಎಂದು ನನಗೆ ಅನ್ನಿಸಿತು.’

ಇದು ಒಂದು ಊಹೆ. ತಪ್ಪಿದ್ದರೆ ಅವಳು ತಿದ್ದಲು ಜಾಗವಿದೆ, ಸರಿಯಿದ್ದರೆ ಅವಳೇ ಕೇಳಿಕೊಳ್ಳಬೇಕಾದ ಅವಮಾನವಿಲ್ಲ. ಆದರೂ ಮೊದಲು ಬರುವ ಉತ್ತರ ಇನ್ನೊಂದು ಚುಚ್ಚುಮಾತೇ ಆಗಿರುವ ಸಂಭವ ಹೆಚ್ಚು: ‘ಪರವಾಗಿಲ್ಲ, ನೆನಪಾದರೂ ಇದೆಯಲ್ಲ.’ ಇಲ್ಲಿ ಬಹಳಷ್ಟು ಗಂಡಸರು ಕೈಚೆಲ್ಲುತ್ತಾರೆ. ಒಳ್ಳೆಯ ಮಾತನಾಡಿದರೂ ಇದೇ ಪಾಡು ಎಂದು ಸುಮ್ಮನಾಗಿಬಿಡುತ್ತಾರೆ ಅಥವಾ ಸಿಡುಕುತ್ತಾರೆ. ಹಾಗೆ ಮಾಡಬಾರದು. ತಿಂಗಳುಗಟ್ಟಲೆ ಒಳಗಿದ್ದದ್ದು ಹೊರಗೆ ಬರುವಾಗ ಮೊದಲು ಬರುವುದು ಮೊನಚೇ. ಅದಕ್ಕೆ ಉತ್ತರ ಕೊಡದೆ ಹತ್ತು ಹೆಜ್ಜೆ ನಡೆದರೆ ಎರಡನೆಯ ವಾಕ್ಯ ಬರುತ್ತದೆ. ವಿಷಯ ಇರುವುದು ಆ ಎರಡನೆಯ ವಾಕ್ಯದಲ್ಲಿ. ನಮ್ಮ ಉದಾಹರಣೆಯಲ್ಲಿ ಅದು ಹೀಗಿತ್ತು: ‘ಹೋಗುವುದೇನೋ ಸರಿ, ಅತ್ತೆಗೆ ಯಾರು ಹೇಳುತ್ತಾರೆ?’

ಗಂಡ ದೋಸೆ ಎಂದುಕೊಂಡ, ತಂಗಿ ಎಂದುಕೊಂಡ, ಕೊನೆಗೆ ದುರ್ಗದ ಪ್ರಯಾಣ ಎಂಬಲ್ಲಿಗೆ ಬಂದ. ಅದೂ ಪೂರ್ತಿ ಸರಿಯಲ್ಲ. ಅವಳಿಗೆ ಬೇಕಿದ್ದದ್ದು ಅತ್ತೆಗೆ ಅವನೇ ಹೇಳುವುದು. ದಾಂಪತ್ಯದ ಹೇಳದ ಬೇಡಿಕೆಗಳಲ್ಲಿ ಇದೊಂದು ದೊಡ್ಡ ಗುಂಪು. ‘ನನಗೆ ಇಂಥದು ಕೊಡು’ ಎಂಬುದಕ್ಕಿಂತ ‘ನನ್ನ ಪರವಾಗಿ ನೀನು ಬಾಯಿ ತೆರೆ’ ಎಂಬುದನ್ನು ಹೇಳುವುದು ಕಷ್ಟ. ಯಾಕೆಂದರೆ ಅದನ್ನು ಕೇಳಿದ ತಕ್ಷಣ ‘ನಿನ್ನ ತಾಯಿಯ ವಿರುದ್ಧ ನಿಲ್ಲು’ ಎಂದಂತೆ ಕೇಳಿಸುತ್ತದೆ ಎಂಬ ಭಯ ಇರುತ್ತದೆ.

ಅವನು ತಾಯಿಗೆ ಹೇಳುವ ರೀತಿಯಲ್ಲಿಯೂ ಎಲ್ಲ ಕೆಡಬಹುದು. ‘ಅಮ್ಮ, ಅವಳು ಭಾನುವಾರ ದುರ್ಗಕ್ಕೆ ಹೋಗಬೇಕಂತೆ’ ಎಂದರೆ ಅವನು ಹೇಳಿಯೂ ಹೇಳಿದಂತಾಗಲಿಲ್ಲ. ಹೊರೆ ತಿರುಗಿ ಅವಳ ಮೇಲೆಯೇ ಬಿತ್ತು, ಅದೂ ಅವಳು ಎದುರಿಗಿಲ್ಲದಾಗ. ‘ಅಮ್ಮ, ಭಾನುವಾರ ನಾವು ದುರ್ಗಕ್ಕೆ ಹೋಗಿ ಬರುತ್ತೇವೆ. ಮಾವನವರಿಗೆ ಮೊಣಕಾಲು ನೋವು, ನಾನು ನೋಡಿ ಬಹಳ ದಿನವಾಯಿತು’ ಎಂದರೆ ತೀರ್ಮಾನ ಅವನದಾಗುತ್ತದೆ. ತಾಯಿ ಮುಖ ಸಣ್ಣದು ಮಾಡಬಹುದು. ಆ ಸಣ್ಣ ಮುಖವನ್ನು ಮಗ ಎದುರಿಸುವುದಕ್ಕೂ ಸೊಸೆ ಎದುರಿಸುವುದಕ್ಕೂ ಇರುವ ಅಂತರ ಆ ಮನೆಯಲ್ಲಿ ಬದುಕಿದವರಿಗೆಲ್ಲ ಗೊತ್ತು. ತಿಂಗಳಿನ ಎರಡನೆಯ ಭಾನುವಾರ ದುರ್ಗಕ್ಕೆ ಎಂದು ಒಮ್ಮೆ ಗೊತ್ತುಮಾಡಿಬಿಟ್ಟರೆ ಪ್ರತಿ ಸಲ ಕೇಳುವ, ಹೇಳುವ ಪ್ರಸಂಗವೇ ಇರುವುದಿಲ್ಲ. ನಾದಿನಿಗೂ ಯಾವ ಭಾನುವಾರ ಬರಬೇಕೆಂದು ಮೊದಲೇ ತಿಳಿದಿರುತ್ತದೆ.

ಓದಿದ್ದು ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ? ಮಾತು ನಿಂತಿತೇ ಎಂದು ನೋಡುವುದಕ್ಕಿಂತ ಅದು ಎಲ್ಲಿಗೆ ಸರಿಯಿತು ಎಂದು ನೋಡಬೇಕು. ಮೇಲಿನ ಅರ್ಥಕ್ಕೆ ಮಾತ್ರ ಉತ್ತರ ಕೊಟ್ಟಿದ್ದರೆ ಚುಚ್ಚು ವಸ್ತುವನ್ನು ಬದಲಿಸುತ್ತದೆ, ಆಕಾರವನ್ನು ಉಳಿಸಿಕೊಳ್ಳುತ್ತದೆ. ಬುಧವಾರದ ‘ಇವತ್ತು ಯಾರು ಬರುತ್ತಾರೆ?’ ಎಂಬುದು ಹಾಗೆ ಬಂದದ್ದು. ಇನ್ನೊಂದು ವಾರಕ್ಕೆ ಅದು ಸೀರೆಯ ಮೇಲೆ, ಮತ್ತೊಂದು ವಾರಕ್ಕೆ ಮಕ್ಕಳ ಶಾಲೆಯ ಮೇಲೆ ಬರಬಹುದು. ಎಲ್ಲದರಲ್ಲೂ ‘ನಿಮ್ಮವರಿಗಾದರೆ’ ಎಂಬ ಷರತ್ತು ಮಾತ್ರ ಇದ್ದೇ ಇರುತ್ತದೆ. ಒಳಗಿನ ಅರ್ಥಕ್ಕೆ ಉತ್ತರ ಸಿಕ್ಕಿದ್ದರೆ ನೇರ ಮಾತುಗಳು ಹೆಚ್ಚುತ್ತವೆ. ‘ಮುಂದಿನ ವಾರ ನಿಮ್ಮ ತಂಗಿ ಬರುವಾಗ ರೊಟ್ಟಿಗೆ ಯಾರನ್ನಾದರೂ ಗೊತ್ತುಮಾಡಿ, ನನ್ನೊಬ್ಬಳಿಂದ ಆಗುವುದಿಲ್ಲ’ ಎಂದು ಅವಳು ಖಡಾಖಂಡಿತವಾಗಿ ಹೇಳಬಹುದು. ಇದು ಮೊದಲಿನ ನಗುಮುಖದ ಮಾತಿಗಿಂತ ಒರಟಾಗಿ ಕೇಳಿಸುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಜೋರು ಹೆಚ್ಚಾಯಿತು ಎಂದು ಗಂಡ ಅಂದುಕೊಳ್ಳುವ ಅಪಾಯವೂ ಇದೆ. ನಿಜವಾಗಿ ಅದು ಒಳ್ಳೆಯ ಗುರುತು. ಕೇಳಿದರೆ ಉತ್ತರ ಸಿಗುತ್ತದೆ ಎಂದು ನಂಬಿಕೆ ಬಂದವರು ಮಾತ್ರ ಹಾಗೆ ಕೇಳುತ್ತಾರೆ.

ಆದರೆ ಊಹೆಯನ್ನು ಬಾಯಿಬಿಟ್ಟು ಹೇಳುವ ಈ ದಾರಿ ಎಲ್ಲ ಕಡೆಯೂ ನಡೆಯುವುದಿಲ್ಲ. ಚಿತ್ರದುರ್ಗದ ಕಡೆಯ ಇನ್ನೊಂದು ಜೋಡಿಯನ್ನು ನೋಡಿ. ಹೆಂಡತಿಗೆ ಸರ್ಕಾರಿ ನೌಕರಿ, ಗಂಡನದು ಸಣ್ಣ ವ್ಯಾಪಾರ, ಅದೂ ಈಚೆಗೆ ಇಳಿದಿದೆ. ದುಡ್ಡಿನ ಮಾತು ಬಂದಾಗಲೆಲ್ಲ ಅವನು ‘ಮೇಡಂ ಅವರನ್ನು ಕೇಳಬೇಕಪ್ಪ, ನಮ್ಮ ಕೈಯಲ್ಲೇನಿದೆ’ ಎನ್ನುತ್ತಾನೆ. ಅವಳು ತನ್ನ ಸಂಬಳದಲ್ಲಿ ಕಂತಿನ ಮೇಲೆ ಫ್ರಿಜ್ ತಂದ ವಾರದಿಂದ ಈ ಮಾತು ಶುರುವಾಗಿದೆ. ಅವನಿಗೆ ಫ್ರಿಜ್ ಬೇಡವಾಗಿರಲಿಲ್ಲ. ತರುವ ಮುಂಚೆ ‘ತರೋಣವೇ?’ ಎಂದು ತನ್ನನ್ನು ಒಂದು ಮಾತು ಕೇಳಬೇಕಿತ್ತು ಎಂಬುದು ಅವನ ನೋವು. ಅದನ್ನು ಹೇಳಿದರೆ ತಾನು ಕಡಿಮೆ ದುಡಿಯುತ್ತಿರುವುದನ್ನು ತಾನೇ ಎತ್ತಿ ತೋರಿಸಿದಂತಾಗುತ್ತದೆ. ಇಲ್ಲಿ ಹೆಂಡತಿ ‘ನನ್ನ ಸಂಬಳ ಹೆಚ್ಚು ಎಂದು ನಿಮಗೆ ಬೇಸರವೇ?’ ಎಂದು ಕೇಳಿದರೆ ಊಹೆ ಸರಿಯಿದ್ದರೂ ಗಾಯ ದೊಡ್ಡದಾಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟದ್ದನ್ನು ಬಿಚ್ಚಿಡಲು ಹೋಗಬಾರದು. ಮುಂದಿನ ಖರ್ಚಿಗೆ ಮುಂಚೆ, ತೀರ್ಮಾನ ಇನ್ನೂ ನಿಜಕ್ಕೂ ತೆರೆದಿರುವಾಗ, ಅವನ ಅಭಿಪ್ರಾಯ ಕೇಳಿ, ಅದರಲ್ಲಿ ಒಂದನ್ನಾದರೂ ಒಪ್ಪಿಕೊಂಡು ನಡೆದರೆ ಸಾಕು. ಅವನು ಬೇಡಿಕೆಯನ್ನು ಹೇಳಲೇ ಇಲ್ಲ, ಹೇಳದೆಯೇ ಅದು ಈಡೇರಿತು. ‘ಮೇಡಂ’ ತಾನಾಗಿಯೇ ಕಡಿಮೆಯಾಗುತ್ತದೆ.

ಎಲ್ಲ ಚುಚ್ಚುಮಾತಿನ ಹಿಂದೆಯೂ ಬೇಡಿಕೆ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್ಮನ್ ದೂರುವುದನ್ನೂ ತಿರಸ್ಕಾರವನ್ನೂ ಬೇರೆ ಬೇರೆಯಾಗಿಯೇ ಎಣಿಸುತ್ತಾರೆ. ಅವರ ಅಧ್ಯಯನಗಳಲ್ಲಿ ಮದುವೆ ಮುರಿಯುವುದನ್ನು ಎಲ್ಲಕ್ಕಿಂತ ಹೆಚ್ಚಾಗಿ ಮುಂದಾಗಿಯೇ ಸೂಚಿಸಿದ್ದು ತಿರಸ್ಕಾರ. ಇವೆರಡನ್ನೂ ಪ್ರತ್ಯೇಕಿಸಲು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಈ ಮಾತು ನಿಲ್ಲಬೇಕಾದರೆ ನಾನು ಮಾಡಬಹುದಾದ ಕೆಲಸ ಯಾವುದಾದರೂ ಇದೆಯೇ? ದೋಸೆಯ ಮಾತಿಗೆ ಇತ್ತು: ತಾಯಿಗೆ ಹೇಳಿ ದುರ್ಗಕ್ಕೆ ಕರೆದುಕೊಂಡು ಹೋಗುವುದು. ಆದರೆ ಹೆಂಡತಿಯ ಮೈಬಣ್ಣ, ಓದು, ತವರಿನವರ ಬಡತನ, ಮಕ್ಕಳಾಗದಿರುವುದು, ಹುಟ್ಟಿದ್ದು ಹೆಣ್ಣು ಎಂಬುದು ಇವುಗಳ ಮೇಲೆ ಪದೇ ಪದೇ ಬರುವ ಮಾತಿಗೆ ಮಾಡಬಹುದಾದ ಕೆಲಸ ಯಾವುದೂ ಇಲ್ಲ. ಅವಳು ಏನು ಮಾಡಿದರೂ ಅದು ನಿಲ್ಲುವುದಿಲ್ಲ, ಯಾಕೆಂದರೆ ಅದು ಏನನ್ನೂ ಕೇಳುತ್ತಿಲ್ಲ. ಅದರ ಒಳಾರ್ಥ ಹುಡುಕುತ್ತ, ತಾನು ಇನ್ನೂ ಸರಿಯಾಗಿ ಅರ್ಥಮಾಡಿಕೊಂಡಿಲ್ಲವೇನೋ ಎಂದು ತನ್ನನ್ನೇ ಹಳಿದುಕೊಳ್ಳುತ್ತ ವರ್ಷಗಟ್ಟಲೆ ಸವೆದ ಹೆಣ್ಣುಮಕ್ಕಳು ಇದ್ದಾರೆ. ಅವರಿಗೆ ನಾನು ಹೇಳುವುದು, ಇದು ಬಿಡಿಸಬೇಕಾದ ಒಗಟಲ್ಲ.

ಕಾನೂನು ಕೂಡ ಅದನ್ನು ಗುರುತಿಸುತ್ತದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆಯಲ್ಲಿ ಮಾತಿನ ಮತ್ತು ಮಾನಸಿಕ ದೌರ್ಜನ್ಯವೂ ಸೇರಿದೆ. ಅವಮಾನ, ಅಪಹಾಸ್ಯ, ಮಗು ಅಥವಾ ಗಂಡು ಮಗು ಇಲ್ಲವೆಂದು ಹೀಗಳೆಯುವುದು ಇವೆಲ್ಲವನ್ನೂ ಅದು ಹೆಸರಿಸಿಯೇ ಹೇಳುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ಮುಂದಿನ ದಾರಿ ಕೇಳಬಹುದು. ಕರೆ ಮಾಡುವ ಮುಂಚೆ ಯಾವ ದಿನ, ಯಾರ ಎದುರು, ಏನು ಹೇಳಿದರು ಎಂಬುದನ್ನು ಒಂದು ಪುಸ್ತಕದಲ್ಲಿ ಆಗಿಂದಾಗ್ಗೆ ಬರೆದಿಟ್ಟುಕೊಂಡಿದ್ದರೆ, ಈ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯ ಮುಂದೆ ಕುಳಿತಾಗ ಅದು ಬಹಳ ನೆರವಾಗುತ್ತದೆ.